ಶೆಟ್ಟೆವ್ವನ ಸೋಮವಾರ

ಸುರೇಬಾನದ ಶೆಟ್ಟೆವ್ವನ ಬಾಯಿಗೆ ಓಣಿಯೇ ಹೆದರುತ್ತದೆ. ಪಕ್ಕದ ಮನೆಯ ನಾನೂ ಹೆದರುತ್ತೇನೆ, ಅದಕ್ಕೇ ಆಕೆಯನ್ನು ಕಂಡರೆ ಸಿಟ್ಟು. ಗಂಡ ಸತ್ತ ಮೇಲೆ ಎರಡು ಎತ್ತು ಕಟ್ಟಿಕೊಂಡು ಹೊಲ ಮಾಡಿದವಳು. ಯಾರಿಗೂ ತಲೆ ಬಾಗಿಸಿದವಳಲ್ಲ.

ಆಕೆಯ ಮೊಮ್ಮಗಳು ಮಧು ಒಂಬತ್ತನೇ ಇಯತ್ತೆ. ಓಟದಲ್ಲಿ ತಾಲ್ಲೂಕಿಗೆ ಮೊದಲು ಬಂದಿದ್ದಳು, ಜಿಲ್ಲೆಗೆ ಹೋಗಬೇಕಿತ್ತು. ಊರ ಹುಡುಗಿಯರಿಗೆ ಓಟ ಕಲಿಸುವವನು ಟ್ರ್ಯಾಕ್ಟರ್ ರಿಪೇರಿಯ ಅಂದಾನೆಪ್ಪ. ಕೋಳಿ ಕೂಗುವ ಮೊದಲೇ ಬಾಗಿಲಲ್ಲಿ ಸೀಟಿ ಊದುತ್ತಿದ್ದ, ವಾರದ ಏಳೂ ದಿನ. ಹುಡುಗಿ ರಾತ್ರಿ ಅಭ್ಯಾಸ, ಮೊಬೈಲು ಮುಗಿಸಿ ತಡವಾಗಿ ಮಲಗುತ್ತಾಳೆ ಎಂಬುದರ ಪರಿವೆ ಅವನಿಗಿರಲಿಲ್ಲ. ಸಾಲಿಯಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ ಅಂತ ಮಾಸ್ತರು ಹೇಳಿ ಕಳಿಸಿದರು. ಓಟದ ವೇಗವೂ ಇಳಿಯಿತು. ಅಂದಾನೆಪ್ಪ ಮಾಡಿದ್ದೇನು? ಸುತ್ತು ಹೆಚ್ಚಿಸಿದ. ಮೂರ್ಖ.

ಒಂದು ಸಂಜೆ ಶೆಟ್ಟೆವ್ವ ಮೊಮ್ಮಗಳ ಕಾಲಿಗೆ ಎಣ್ಣೆ ತಿಕ್ಕುವಾಗ, ಮೊಣಕಾಲ ಕೆಳಗಿನ ಎಲುಬಿನ ಒಂದು ಜಾಗ ಮುಟ್ಟಿದ್ದೇ ಮಧು ಚೀರಿದಳು. ಬೆಳಗ್ಗೆ ಸೀಟಿ ಕೇಳಿದ್ದೇ ಶೆಟ್ಟೆವ್ವ ಬಾಗಿಲಿಗೆ ಅಡ್ಡ ನಿಂತಳು. ಅಂದು ಸೋಮವಾರ.

"ಜಿಲ್ಲಾ ಓಟ ಹತ್ರ ಬಂದೈತಿ ಯವ್ವಾ. ಈಗ ಬಿಟ್ರ ಕಾಲು ತುಕ್ಕು ಹಿಡೀತಾವ."

"ಇವತ್ತ ನಿನ್ನ ಎತ್ತಿನ ಹೆಗಲ ಮ್ಯಾಲ ನೊಗ ಇಟ್ಟೀಯೇನಲೇ?"

"ಸೋಮವಾರ ಯಾರರ ಎತ್ತು ಹೂಡತಾರೇನ? ಅದು ಬಸವಣ್ಣ."

"ಇದು ನನ್ನ ಮೊಮ್ಮಗಳು. ಎತ್ತಿಗೆ ಇರೋ ಒಂದು ದಿನ ಇಕಿಗಿಲ್ಲೇನ?"

ಮೊಮ್ಮಗಳು ಮುಂದೆ ಬರುವುದಕ್ಕೆ ಮುದುಕಿಗೆ ಹೊಟ್ಟೆಕಿಚ್ಚು ಅಂತ ಓಣಿಗೆಲ್ಲ ಕೇಳುವಂತೆ ಬೈದು ಅಂದಾನೆಪ್ಪ ಹೋದ. ಓಣಿಯೂ ಅವನ ಕಡೆ ನಿಂತಿತು. ಹುಡುಗಿಯೂ ಅಜ್ಜಿಯ ಮೇಲೆ ಹಲ್ಲು ಕಡಿದಳು. ಮಾರನೇ ಬೆಳಗ್ಗೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಹಿತ್ತಲ ಬಾಗಿಲಿಂದ ಮೈದಾನಕ್ಕೆ ಓಡಿದಳು. ಅಲ್ಲಿ ಕುಸಿದು ಕೂತವಳನ್ನು ಎತ್ತಿಕೊಂಡೇ ತರಬೇಕಾಯಿತು.

ರಾಮದುರ್ಗದ ಡಾಕ್ಟರು, ಎಲುಬು ದಣಿದಿದೆ, ಹೀಗೇ ಓಡಿದರೆ ಬಿರುಕು ಬಿಡುತ್ತದೆ, ಎಂದರು. ನೋವು ಪೂರ್ತಿ ಹೋಗುವವರೆಗೆ ಓಟ ಬಂದ್, ಆಮೇಲೆ ಮೊದಲು ನಡಿಗೆ, ನಂತರ ನಿಧಾನವಾಗಿ ಓಟ. ಈ ವಯಸ್ಸಿನವರಿಗೆ ರಾತ್ರಿ ಎಂಟು ತಾಸಿಗಿಂತ ಕಡಿಮೆಯಾಗದ ನಿದ್ದೆ ಬೇಕು, ಮೈ ದುರಸ್ತಿಯಾಗುವುದು ಆಗಲೇ, ವಾರಕ್ಕೊಂದು ದಿನ ಬಿಡುವು ಇರಲೇಬೇಕು ಅಂತಲೂ ಅಂದರು. ಜೊತೆಗೆ ಬಂದಿದ್ದ ಅಂದಾನೆಪ್ಪನೂ ಎಲ್ಲ ಕೇಳಿಸಿಕೊಂಡ.

ಜಿಲ್ಲಾ ಓಟ ಮಧು ಇಲ್ಲದೇ ಮುಗಿಯಿತು. ಆಕೆ ಅಜ್ಜಿಯೊಂದಿಗೆ ಮಾತು ಬಿಟ್ಟಳು. ಶೆಟ್ಟೆವ್ವ ಮಾತ್ರ ದಿನಾ ಉಂಡ ಮೇಲೆ ಮೊಬೈಲು ಕಸಿದು ಹಿಟ್ಟಿನ ಡಬ್ಬಿಯಲ್ಲಿಟ್ಟು, ದೀಪ ಆರಿಸುತ್ತಿದ್ದಳು.

ಹಲವು ವಾರಗಳ ಮೇಲೆ ನೋವು ಹೋಯಿತು, ನಡಿಗೆಯೂ ಆಯಿತು, ನಿಧಾನವಾಗಿ ಓಡಲು ಡಾಕ್ಟರು ಒಪ್ಪಿದರು. ಖುಷಿಗೆ ಮಧು ಮರುದಿನವೇ ಮೈದಾನಕ್ಕೆ ಓಡಿದಳು. ಅಂದೂ ಸೋಮವಾರ. ಮೈದಾನದಲ್ಲಿ ಒಂದು ಹುಡುಗಿಯೂ ಇರಲಿಲ್ಲ, ಅಂದಾನೆಪ್ಪ ಒಬ್ಬನೇ ಗೆರೆ ಹಾಕುತ್ತಿದ್ದ.

"ಎತ್ತು ಬಿಟ್ಟ ದಿನ ನೀ ಯಾಕ ಬಂದಿ? ಹೋಗಿ ಮಕ್ಕೋ."

ಮಾತು ಬಿಟ್ಟಿದ್ದ ಹುಡುಗಿ ಮನೆಗೆ ಬಂದು ಅಜ್ಜಿಗೇ ಇದನ್ನು ಹೇಳಿದಳು. ಶೆಟ್ಟೆವ್ವ ಮುಖ ಕೂಡ ತಿರುಗಿಸಲಿಲ್ಲ. "ಹಾಂಗಾರ ಅಂವಗೂ ಬುದ್ಧಿ ಐತಿ," ಅಂದು ಸೆಗಣಿ ಬುಟ್ಟಿ ಎತ್ತಿದಳು. ಅವನೊಂದಿಗೆ ಆಕೆ ಇನ್ನೂ ಮಾತಾಡುವುದಿಲ್ಲ.