ಸಂಬಂಧಪಟ್ಟ ಎಲ್ಲರೂ

ಮುಧೋಳ ಮತ್ತು ಬೀಳಗಿಯ ನಡುವಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಸುರಕ್ಷತಾ ಅಧಿಕಾರಿ. ನಾನು ಬರುವುದು ಕಂಡರೆ ಜನ ಹೆಲ್ಮೆಟ್ ತಲೆಗೇರಿಸುತ್ತಾರೆ, ಬೆನ್ನು ತಿರುಗಿಸಿದರೆ ಇಳಿಸುತ್ತಾರೆ. ನನಗಿರುವ ಮರ್ಯಾದೆ ಅಷ್ಟೇ. ಮಾತಾಡುತ್ತ ನಿಂತವರು ನನ್ನನ್ನು ನೋಡಿ ಸುಮ್ಮನಾಗುವುದು ಎಷ್ಟು ರೂಢಿಯಾಗಿತ್ತೆಂದರೆ, ಒಮ್ಮೆ ಯಾರೋ ಸುಮ್ಮನಾಗದೆ ಮಾತು ಮುಂದುವರಿಸಿದ್ದಕ್ಕೆ ನನಗೇ ಗಾಬರಿಯಾಗಿತ್ತು.

ನಾನು ಬನಹಟ್ಟಿಯ ನೇಕಾರರ ಮನೆಯವನು. ಮಗ್ಗದ ಸದ್ದಿನ ಮೇಲೆ ದನಿ ಎತ್ತಿ ಮಾತಾಡಿ ಬೆಳೆದವನು. ಕಾರ್ಖಾನೆಯ ಕ್ವಾರ್ಟರ್ಸಿನ ಒಂಟಿ ಕೋಣೆಗೆ ಬಂದ ಮೇಲೆ ದನಿ ಎತ್ತಲು ಎದುರಿಗೆ ಯಾರೂ ಇರಲಿಲ್ಲ. ಇದ್ದವರು ಒಬ್ಬರೇ, ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಗಲಗಲಿ ಕಡೆಯ ಫೋರ್‌ಮನ್. ನನಗಿಂತ ಹದಿನೆಂಟು ವರ್ಷ ದೊಡ್ಡವರು. ಮಧ್ಯಾಹ್ನ ನನ್ನ ಮೇಜಿನ ಮೇಲೆ ಬುತ್ತಿ ಬಿಚ್ಚಿ, ‘ತಮ್ಮಾ, ರೊಟ್ಟಿ ಮುರಿ, ಆಮ್ಯಾಲ ಕಾಯ್ದೆ ಹೇಳು’ ಅನ್ನುತ್ತಿದ್ದರು. ಅವರ ರೊಟ್ಟಿ, ಶೇಂಗಾ ಚಟ್ನಿ ತಿಂದೇ ನಾನು ಎರಡು ಹಂಗಾಮು ಕಳೆದೆ. ಬೇರೆ ಯಾರೂ ಆ ಕಾರ್ಖಾನೆಯಲ್ಲಿ ನನ್ನನ್ನು ತಮ್ಮಾ ಎಂದು ಕರೆಯಲಿಲ್ಲ.

ಕಬ್ಬು ಹಿಂಡಿದ ಮೇಲೆ ಉಳಿಯುವ ಸಿಪ್ಪೆಯನ್ನು ಬಾಯ್ಲರಿಗೆ ಒಯ್ಯಲು ಉದ್ದನೆಯ ಬೆಲ್ಟ್ ಇದೆ. ಅದರ ಕೊನೆಯ ರಾಟೆಗೆ ಕಬ್ಬಿಣದ ಜಾಳಿಗೆಯ ಗಾರ್ಡ್. ಗ್ರೀಸ್ ಹಾಕುವ ಜಾಗ ಆ ಗಾರ್ಡಿನ ಒಳಗೆ. ಪ್ರತಿ ಪಾಳಿಯಲ್ಲೂ ನಾಲ್ಕು ಬೋಲ್ಟು ಬಿಚ್ಚಬೇಕು, ಮತ್ತೆ ಹಾಕಬೇಕು. ಬೆಲ್ಟ್ ನಿಂತರೆ ಬಾಯ್ಲರಿಗೆ ಉರುವಲಿಲ್ಲ, ಹಾಗಾಗಿ ಗ್ರೀಸ್ ಹಾಕುವುದು ಓಡುವಾಗಲೇ. ದಿನ ಕಳೆದಂತೆ ಬೋಲ್ಟು ನಾಲ್ಕಿದ್ದದ್ದು ಒಂದಾಯಿತು, ಕೊನೆಗೆ ಗಾರ್ಡು ಗೋಡೆಗೆ ಒರಗಿತು.

ಒಂದು ದಿನ ಗ್ರೀಸ್ ಹಾಕುವವನ ಅಂಗಿಯ ತೋಳು ರಾಟೆಗೆ ಸಿಕ್ಕಿತು. ಬಟ್ಟೆ ಹಳೆಯದಾಗಿತ್ತು, ಹರಿಯಿತು, ಕೈ ಉಳಿಯಿತು. ಅವನು ಹರಿದ ತೋಳು ತೋರಿಸಿ ನಕ್ಕ. ನಾನು ಅಪಘಾತ ವರದಿಯ ನಮೂನೆ ತೆಗೆದು ಕೂತೆ.

ಅದರಲ್ಲಿ ಕಾಲಂಗಳು ಸರಳ: ಏನಾಯಿತು, ಏಕಾಯಿತು, ಏನು ಮಾಡಬೇಕು, ಯಾರು, ಯಾವ ತಾರೀಖಿನೊಳಗೆ. ಮಾಡಬೇಕಾದ್ದು ನನಗೆ ಗೊತ್ತಿತ್ತು. ಗ್ರೀಸ್ ಹಾಕುವ ಬಾಯಿಗೆ ಸಣ್ಣ ಕೊಳವೆ ಜೋಡಿಸಿ ಗಾರ್ಡಿನ ಹೊರಗೆ ತಂದರೆ ಜಾಳಿಗೆ ಬಿಚ್ಚುವ ಪ್ರಸಂಗವೇ ಬರುವುದಿಲ್ಲ. ಮಾಡಬೇಕಾದವರು ಯಾರೆಂಬುದೂ ಗೊತ್ತಿತ್ತು. ಫೋರ್‌ಮನ್ನರೇ. ಆದರೆ ನಮ್ಮಲ್ಲಿ ಕಾಗದದಲ್ಲಿ ಹೆಸರು ಬಂತೆಂದರೆ ಮೆಮೊ ಬಂದ ಹಾಗೆ. ನಾಳೆ ಮಧ್ಯಾಹ್ನ ಅವರು ಬುತ್ತಿ ತರದಿದ್ದರೆ? ಇದೊಂದೇ ನನ್ನ ತಲೆಯಲ್ಲಿದ್ದದ್ದು. ನಾಚಿಕೆಗೇಡಿನ ಮಾತು, ಆದರೆ ಖರೆ.

ಕೊನೆಗೆ ಬರೆದದ್ದು ಇಷ್ಟು. ಕಾರಣ: ಕಾರ್ಮಿಕನ ಅಜಾಗರೂಕತೆ. ಕ್ರಮ: ಎಚ್ಚರಿಕೆಯಿಂದ ಕೆಲಸ ಮಾಡಲು ಸೂಚಿಸಲಾಗಿದೆ. ಯಾರು: ಸಂಬಂಧಪಟ್ಟ ಎಲ್ಲರೂ. ತಾರೀಖು: ನಿರಂತರ.

ಮೇಲಿನವರು ಕಣ್ಣು ಮುಚ್ಚಿ ಸಹಿ ಹಾಕಿದರು. ಅಷ್ಟು ದುಂಡಗೆ, ಯಾರಿಗೂ ತಾಗದಂತೆ ಬರೆದದ್ದನ್ನು ಯಾರು ತಾನೆ ಪ್ರಶ್ನಿಸುತ್ತಾರೆ? ಮರುದಿನ ರೊಟ್ಟಿ ಬಂತು.

ಏಳು ವಾರದ ಮೇಲೆ ಅದೇ ರಾಟೆಯಲ್ಲಿ ಅದೇ ಮನುಷ್ಯನ ಬಲಗೈಯ ಎರಡು ಬೆರಳು ಹೋದವು.

ಬೆಳಗಿನ ಪಾಳಿ. ನಾನು ಹೋಗುವಷ್ಟರಲ್ಲಿ ಬೆಲ್ಟ್ ನಿಲ್ಲಿಸಿದ್ದರು, ಎಲ್ಲರೂ ಅಲ್ಲೇ ನಿಂತಿದ್ದರು. ಗಾರ್ಡು ಗೋಡೆಗೆ ಒರಗಿದಲ್ಲೇ ಇತ್ತು. ಅವನನ್ನು ಜಮಖಂಡಿಯ ಆಸ್ಪತ್ರೆಗೆ ಒಯ್ದ ಜೀಪಿನಲ್ಲಿ ನಾನೂ ಕೂತೆ. ದಾರಿಯುದ್ದಕ್ಕೂ ಅವನು ನೋವಿನ ಮಾತು ಆಡಲಿಲ್ಲ, ಪಾಳಿಗೆ ಬೇರೆ ಯಾರನ್ನು ಹಾಕಿದಿರಿ ಎಂದಷ್ಟೇ ಕೇಳಿದ.

ಹದಿನೈದು ದಿನಕ್ಕೆ ಪರಿಹಾರದ ಕಾಗದಕ್ಕೆಂದು ನನ್ನ ಕೋಣೆಗೆ ಬಂದ. ಕೈಗೆ ಇನ್ನೂ ಬ್ಯಾಂಡೇಜು. ‘ಮೊದಲ ಸಲ ಅಂಗಿ ಹರದಾಗ ನೀವು ಏನೋ ಬರದಿದ್ರಲ್ರೀ ಸರ್, ತೋರಸ್ರಿ’ ಎಂದ. ತೋರಿಸಿದೆ. ಎಡಗೈಯ ಬೆರಳಿಟ್ಟು ಸಾಲು ಸಾಲಾಗಿ ಓದಿದ. ಅವನು ಏಳನೆಯ ಇಯತ್ತೆಯವರೆಗೆ ಸಾಲಿ ಕಲಿತವನು.

‘ಇದರಾಗ ನಾ ಒಬ್ಬಂವನ ಅದೀನ್ರಿ’ ಎಂದ. ‘ಕಾರಣದ ಕಡೆ ನಾ ಅದೀನಿ. ಮಾಡವರ ಕಡೆ ಯಾರೂ ಇಲ್ಲಲ್ರಿ.’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅವನು ಹೋದ ಮೇಲೆ ಹೊಸ ನಮೂನೆ ತೆಗೆದೆ. ಗ್ರೀಸಿನ ಬಾಯಿ ಗಾರ್ಡಿನ ಒಳಗಿರುವುದರಿಂದ ಪ್ರತಿ ಪಾಳಿಯಲ್ಲಿ ಗಾರ್ಡು ಬಿಚ್ಚಬೇಕಾಗುತ್ತದೆ ಎಂದು ಕಾರಣ ಬರೆದೆ. ಕೊನೆಯ ರಾಟೆಯ ಎರಡೂ ಬೇರಿಂಗಿಗೆ ಕೊಳವೆ ಎಳೆದು ಗ್ರೀಸಿನ ಬಾಯಿ ಹೊರತರುವುದು, ಗಾರ್ಡನ್ನು ನಾಲ್ಕೂ ಬೋಲ್ಟಿನೊಂದಿಗೆ ಕೂರಿಸುವುದು: ಫೋರ್‌ಮನ್, ಪೂರ್ತಿ ಹೆಸರು, ಬರುವ ಶುಕ್ರವಾರದ ತಾರೀಖು. ಉಳಿದ ಬೆಲ್ಟುಗಳಲ್ಲೂ ಇಂಥ ಜಾಗ ಹುಡುಕಿ ಸರಿಪಡಿಸುವುದು: ಅವರೇ, ತಿಂಗಳ ಕೊನೆ. ಗಾರ್ಡು ತೆಗೆಯಲೇಬೇಕಾದರೆ ಮೋಟಾರಿನ ಕರೆಂಟು ಕಡಿದು ಬೀಗ ಹಾಕಿ, ಅದರ ಬೀಗದ ಕೈ ಗಾರ್ಡು ತೆಗೆದವನ ಜೇಬಿನಲ್ಲೇ ಇರುವಂತೆ ಪದ್ಧತಿ ಬರೆದು ಕಲಿಸುವುದು: ನಾನು, ಸೋಮವಾರ. ತಿಂಗಳ ನಂತರ ಫಲ ಕೊಟ್ಟಿತೇ ಎಂದು ನೋಡುವುದು: ನಾನು. ಹಿಂದಿನ ಕ್ರಮ ಏಕೆ ಫಲಿಸಲಿಲ್ಲ ಎಂಬ ಕಾಲಂ ಒಂದಿತ್ತು. ಅದನ್ನು ಖಾಲಿ ಬಿಟ್ಟೆ.

ಫೋರ್‌ಮನ್ ತಮ್ಮ ಹೆಸರು ಓದಿದರು. ಎರಡು ಸಲ ಓದಿದರು.

‘ಬೆರಳ ಹೋದಮ್ಯಾಲ ನನ್ನ ಹೆಸರ ನೆನಪಾತೇನು?’ ಎಂದರು. ಸಹಿ ಮಾಡಿದರು. ಮಧ್ಯಾಹ್ನ ಬರಲಿಲ್ಲ. ಮರುದಿನವೂ ಬರಲಿಲ್ಲ. ಆಮೇಲೆ ಅವರು ವರ್ಕ್‌ಶಾಪಿನಲ್ಲೇ ಉಂಡರು, ನಾನು ಕ್ಯಾಂಟೀನಿನಲ್ಲಿ, ಕಂಬದ ಕಡೆ ಮುಖ ಮಾಡಿ. ಎದುರಾದರೆ ‘ನಮಸ್ಕಾರ್ರಿ ಸಾಹೇಬ್ರ’. ಭಾನುವಾರ ಬನಹಟ್ಟಿಗೆ ಹೋಗಿ ಮಗ್ಗದ ಸದ್ದಿನಲ್ಲಿ ಕೂತು ಬಂದರೂ ಸೋಮವಾರ ಮತ್ತೆ ಅದೇ ಕಂಬ. ನನಗೆ ಅವರ ಮೇಲೆ ಸಿಟ್ಟೂ ಬರುತ್ತಿತ್ತು. ಎರಡು ಬೆರಳಿಗಿಂತ ಹೆಸರು ದೊಡ್ಡದೇ ಎಂದು ಮನಸ್ಸಿನಲ್ಲೇ ಜಗಳ ಮಾಡಿ, ಮನಸ್ಸಿನಲ್ಲೇ ಸೋಲುತ್ತಿದ್ದೆ.

ಕೆಲಸ ಮಾತ್ರ ತಾರೀಖಿನೊಳಗೇ ಆಯಿತು. ತಿಂಗಳು ತುಂಬಿದ ದಿನ ಹೋಗಿ ನೋಡಿದೆ. ಹೊಸಬನೊಬ್ಬ ಗಾರ್ಡಿನಿಂದ ಒಂದು ಮೊಳ ದೂರ ನಿಂತು ಗ್ರೀಸ್ ಗನ್ ಒತ್ತುತ್ತಿದ್ದ. ನಾಲ್ಕೂ ಬೋಲ್ಟಿಗೆ ಧೂಳು ಕೂತಿತ್ತು. ಯಾರೂ ಅವನ್ನು ಬಿಚ್ಚಿಲ್ಲ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಉಳಿದ ಬೆಲ್ಟುಗಳನ್ನೂ ಒಂದೊಂದಾಗಿ ಸುತ್ತಿ ನೋಡಿ ಬಂದೆ.

ಕೋಣೆಗೆ ಬಂದು ಖಾಲಿ ಬಿಟ್ಟಿದ್ದ ಕಾಲಂ ತುಂಬಿದೆ. ‘ಹಿಂದಿನ ಸಲ ಮಾಡಬೇಕಾದ ಕೆಲಸ ನನಗೆ ಗೊತ್ತಿತ್ತು. ಫೋರ್‌ಮನ್ನರೊಂದಿಗಿನ ಸ್ನೇಹ ಕೆಡಬಾರದೆಂದು ನಾನು ಅದನ್ನೂ ಅವರ ಹೆಸರನ್ನೂ ಬರೆಯಲಿಲ್ಲ.’ ಮುಗಿದಿದೆ ಎಂದು ಬರೆಯುವ ಮುನ್ನ ಅವರ ಸಹಿಯೂ ಬೇಕು. ಕರೆಸಿದೆ.

ಅವರು ಕುರ್ಚಿಯಲ್ಲಿ ಕೂರಲಿಲ್ಲ. ಕನ್ನಡಕ ಏರಿಸಿ ಎಲ್ಲ ಸಾಲು ಓದಿ ಆ ಸಾಲಿಗೆ ಬಂದು ನಿಂತರು. ನಾನು ಮೇಜು ನೋಡುತ್ತ ಕೂತಿದ್ದೆ. ಬೈಯಲಿ ಎಂದು ಕಾಯುತ್ತಿದ್ದೆ, ಖರೆ ಹೇಳಬೇಕೆಂದರೆ.

‘ಅವತ್ತ ಬರದ ಕೊಟ್ಟಿದ್ರ ಅವತ್ತ ಮಾಡ್ತಿದ್ನಿರಿ, ಸಾಹೇಬ್ರ’ ಎಂದರು.

ಸಹಿ ಮಾಡಿದರು, ಕೆಳಗೆ ತಾರೀಖು ಹಾಕಿದರು, ಪೆನ್ನು ಇಟ್ಟು ಹೋದರು. ಆ ಕೊಳವೆ ಎಳೆಯಲು ಅವರಿಗೆ ಹಿಡಿದದ್ದು ಒಂದೂವರೆ ದಿನ.