ಪಾವಲಿಯಗಲದ ಮುದ್ರೆ

ಮಡಕಶಿರದ ನರಸಿಂಹಯ್ಯನವರು ಕದರಪ್ಪನನ್ನು ಮೊದಲು ಕಂಡದ್ದು ರಾಯದುರ್ಗದ ಪೇಟೆ ಬೀದಿಯಲ್ಲಿ. ಬೇಸಿಗೆಯ ಒಂದು ಬೆಳಗ್ಗೆ ಬಸ್ಸಿನಿಂದಿಳಿದು, ಸುಟ್ಟ ರಬ್ಬರಿನ ವಾಸನೆಯ ಜಾಡು ಹಿಡಿದೇ ಅವರು ಅವನ ಮುದ್ರೆಯಂಗಡಿಗೆ ಬಂದುಬಿಟ್ಟರು. ಕದರಪ್ಪ ಆಗ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿತ್ತಾಳೆಯ ಬಿಲ್ಲೆಯೊಂದರ ಮೇಲೆ ಬಾಗಿದ್ದ. ತಲೆ ಎತ್ತದೆಯೇ, “ಬರ್ರಿ, ಕೂಡ್ರಿ,” ಎಂದ.

ನರಸಿಂಹಯ್ಯನವರದು ರೇಷ್ಮೆ ಮೊಟ್ಟೆಯ ವ್ಯಾಪಾರ. ಹಾಳೆಯ ಮೇಲೆ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ತಾಯಿಯಿಂದ ಮೊಟ್ಟೆಗೆ ದಾಟಿ ಹುಳುವನ್ನು ಕೊಲ್ಲುವ ಗಂಟುರೋಗದ ಸುಳಿವಿಲ್ಲದಿದ್ದರೆ ಮಾತ್ರ ಹಾಳೆಯ ಮೂಲೆಗೆ ಮುದ್ರೆ ಬೀಳಬೇಕು. ಆ ಮುದ್ರೆಯನ್ನು ನಂಬಿ ರೈತರು ಹಾಳೆ ಕೊಳ್ಳುತ್ತಾರೆ. ಮೂಲೆಯಲ್ಲಿ ಉಳಿಯುವ ಜಾಗವೋ ಒಂದು ಪಾವಲಿ ನಾಣ್ಯದಷ್ಟು.

“ದುಂಡಗಿರ್ಬೇಕು. ನಮ್ಮ ಹೆಸರು, ಊರು, ರೇಷ್ಮೆ ಮೊಟ್ಟೆ ಕೇಂದ್ರ ಅಂತ ಕನ್ನಡದಾಗೆ ಮೇಲೆ. ಅದೇ ತೆಲುಗಿನಾಗೆ ಕೆಳಗೆ. ನಡುವೆ ಒಂದು ಚಿಟ್ಟೆ. ಅದರ ಸುತ್ತ, ಗಂಟುರೋಗ ಪರೀಕ್ಷಿತ ಅಂತ. ಆಗ್ತದೇನಪ್ಪ?”

ಆಗುವುದಿಲ್ಲವೆಂದು ಕದರಪ್ಪನಿಗೆ ಗೊತ್ತಿತ್ತು. ಆದರೆ ಕಡಲೆಕಾಯಿ ಬೀಜದ ಮೇಲೆ ದೇವರ ಹೆಸರು ಕೊರೆದವನೆಂದು ಅವನಿಗೆ ಪೇಟೆಯಲ್ಲೆಲ್ಲ ಹೆಸರಿತ್ತು. ಆ ಹೆಸರು ಅವನ ಬಾಯಿಂದ ಉತ್ತರ ಹೇಳಿಸಿತು. “ಯಾಕ ಆಗಂಗಿಲ್ರಿ? ಆಗ್ತದ.”

ಸ್ಲೇಟಿನ ಮೇಲೆ ಊಟದ ತಟ್ಟೆಯಷ್ಟಗಲ ವೃತ್ತ ಬರೆದು, ಎಲ್ಲವನ್ನೂ ಅದರೊಳಗೆ ಕೂರಿಸಿ ತೋರಿಸಿದ. ನರಸಿಂಹಯ್ಯನವರು ಅರಳಿಹೋದರು. ಕಾಫಿ ತಂದ ಹೆಂಡತಿ ಹಂಪಕ್ಕ ಮಾತ್ರ ಸ್ಲೇಟನ್ನೂ ಅಳತೆಗೆಂದು ಪಕ್ಕದಲ್ಲಿಟ್ಟಿದ್ದ ಪಾವಲಿಯನ್ನೂ ನೋಡಿ ನಕ್ಕಳು. “ಇಷ್ಟು ಮಂದೀನ ಇದರ ಮ್ಯಾಲ ಕೂಡಸ್ತೀರೇನ್ರಿ? ಪಾಪ, ಕಾಲು ಚಾಚಾಕ ಜಾಗ ಇಲ್ಲ!”

“ನಿನಗ ಓದಾಕ ಬರಂಗಿಲ್ಲ. ಸುಮ್ನಿರು.”

ಹಿತ್ತಾಳೆಯ ಮೇಲೆ ಅಕ್ಷರಗಳನ್ನು ತಿರುವುಮುರುವಾಗಿ ಉಬ್ಬಿಸಿ ಕೊರೆಯುವಾಗ ಹಂಪಕ್ಕನ ಮಾತು ಅವನ ಕೈಗೆ ತಾಗುತ್ತಲೇ ಇತ್ತು. ಮೇಲಿನ ಕಮಾನಿನಲ್ಲಿ ಅಕ್ಷರಗಳ ಕಾಲು ನಡುವಿನ ಕಡೆಗೆ. ‘ಯ್ಯ’, ‘ಷ್ಮೆ’, ‘ಟ್ಟೆ’ಗಳ ಒತ್ತುಗಳೆಲ್ಲ ಒಳಕ್ಕೇ ಇಳಿಯಬೇಕು. ಗಾಡಿಚಕ್ರದ ಕಾಲುಗಳು ನಡುವಿನ ಗುಂಬದ ಹತ್ತಿರ ಒತ್ತೊತ್ತಾಗುವಂತೆ ಅಲ್ಲಿ ಜಾಗ ಕಿರಿದಾಗುತ್ತ ಹೋಗುತ್ತದೆ. ಕೆಳಗಿನ ಕಮಾನಿನಲ್ಲಿ ಅಕ್ಷರ ನೆಟ್ಟಗೆ ನಿಲ್ಲಬೇಕಾದರೆ ಕಾಲು ಹೊರಗೆ ಬರಬೇಕು. ಅಲ್ಲಿ ಒತ್ತುಗಳು ಹೊರಗಿನ ಗೆರೆಗೆ ಬಡಿಯುತ್ತವೆ. ಕದರಪ್ಪ ಒತ್ತುಗಳನ್ನು ಕೂದಲೆಳೆಯಷ್ಟು ಸವೆಸಿದ, ಸೊನ್ನೆಗಳ ಹೊಟ್ಟೆಯನ್ನು ಸೂಜಿಯ ಮೊನೆಯಷ್ಟು ಮಾಡಿದ. ಆ ಬಿಲ್ಲೆಯಿಂದ ಸುಣ್ಣದ ಅಚ್ಚು ತೆಗೆದು, ಅದರ ಮೇಲೆ ರಬ್ಬರನ್ನಿಟ್ಟು ತಿರುಪಿನ ಒತ್ತುಯಂತ್ರದಲ್ಲಿ ಬಿಗಿದು ಬೇಯಿಸಿದ. ಮುದ್ರೆಗೆ ಮಸಿಯನ್ನು ಸವರಿಯೂ ಸವರದ ಹಾಗೆ ಸವರಿ, ಕ್ಯಾಲೆಂಡರಿನ ನುಣುಪು ಕಾಗದದ ಮೇಲೆ ಹಗುರವಾಗಿ ಒತ್ತಿದ. ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದು ಅಕ್ಷರವೂ ಎದ್ದು ಕಾಣುತ್ತಿತ್ತು. ಅಷ್ಟಕ್ಕೇ ತೃಪ್ತನಾಗಿ ಮುದ್ರೆಯನ್ನು ಕಳಿಸಿಬಿಟ್ಟ.

ಮಳೆಗಾಲ ಹಿಡಿಯುವ ಹೊತ್ತಿಗೆ, ಮಸಿಯ ದಿಂಬು ಬೇಕೆಂದು ನರಸಿಂಹಯ್ಯನವರು ಹೇಳಿಕಳಿಸಿದರು. ಕದರಪ್ಪ ತಾನೇ ಅದನ್ನು ಹಿಡಿದು ಮಡಕಶಿರಕ್ಕೆ ಹೋದ. ಮೊಟ್ಟೆಮನೆಯ ಜಗಲಿಯಲ್ಲಿ ಆಗಲೇ ಜಗಳ ಹತ್ತಿತ್ತು. ಅಗಳಿ ಕಡೆಯ ಈಶ್ವರಮ್ಮ ಎಂಬ ನಡುವಯಸ್ಸಿನ ಹೆಂಗಸು ಮೊರವೊಂದನ್ನು ಮುಂದಿಟ್ಟುಕೊಂಡು ನಿಂತಿದ್ದಳು. ಮೊರದ ತುಂಬ ಸತ್ತ ಹುಳು. ಕರಿಮೆಣಸಿನ ಪುಡಿ ಉದುರಿಸಿದಂತೆ ಅವುಗಳ ಮೈಮೇಲೆ ಚುಕ್ಕೆ. ಗಂಟುರೋಗವೇ.

“ಸಂತೇಲಿ ನಿಮ್ ಮುದ್ರೆ ನೋಡೇ ತಗಂಡಿದ್ದು ಕಣಯ್ಯ. ಇಡೀ ಬೆಳೆ ಹೋಯ್ತು. ಬೇರೆ ಹಾಳೆ ಕೊಡ್ರಿ. ಸೊಪ್ಪಾದ್ರೂ ಗಿಡದಾಗೈತೆ.”

“ತಾಯಿ, ಅದು ನಮ್ಮ ಹಾಳೆಯಲ್ಲ. ಯಾವನೋ ಪರೀಕ್ಷೆ ಮಾಡದ ಹಾಳೆಗೆ ಕಳ್ಳಮುದ್ರೆ ಒತ್ತಿ ಮಾರಿದಾನೆ.”

“ಹಂಗಾದ್ರೆ ನಿಮ್ದು ಯಾವ್ದು, ತೋರ್ಸಿ.”

ನರಸಿಂಹಯ್ಯನವರು ತಮ್ಮದೊಂದು ಹಾಳೆ ತಂದು ಅವಳ ಹಾಳೆಯ ಪಕ್ಕದಲ್ಲಿಟ್ಟರು. ಎರಡರ ಮೂಲೆಯಲ್ಲೂ ಪಾವಲಿಯಷ್ಟಗಲದ ಒಂದೊಂದು ಕರಿ ಚುಕ್ಕೆ. ಒರಟು ಕಾಗದ ಮಸಿಯನ್ನು ಹೀರಿ ಹರಡಿತ್ತು. ಒತ್ತುಗಳೆಲ್ಲ ಅಂಟಿಕೊಂಡಿದ್ದವು, ಅಕ್ಷರಗಳ ಹೊಟ್ಟೆ ತುಂಬಿಹೋಗಿತ್ತು, ಚಿಟ್ಟೆ ನೊಣವಾಗಿತ್ತು. ನರಸಿಂಹಯ್ಯನವರು ಒಮ್ಮೆ ಅದನ್ನು ನೋಡಿದರು, ಒಮ್ಮೆ ಇದನ್ನು. ಆಮೇಲೆ ಬಾಗಿಲಲ್ಲಿದ್ದ ಕದರಪ್ಪನನ್ನು ಕಂಡು ಅವರ ಮುಖ ಅರಳಿತು.

“ಸರಿಯಾದ ಹೊತ್ತಿಗೆ ಬಂದ್ಯಪ್ಪ! ಕೊರೆದೋನು ನೀನೇ. ನಮ್ಮ ಮುದ್ರೇಲಿ ಏನೈತೆ, ಈಯಮ್ಮನಿಗೆ ಓದಿ ಹೇಳು.”

ಕದರಪ್ಪ ಮುಂದೆ ಬಂದು ಕೈಗೆ ಸಿಕ್ಕ ಹಾಳೆಯನ್ನೆತ್ತಿಕೊಂಡ. ಓದಲು ಏನೂ ಇರಲಿಲ್ಲ. ಇಲ್ಲವೆಂದು ಹೇಳಲು ನಾಲಿಗೆ ಏಳಲಿಲ್ಲ. ಮೂಲೆಯ ಮೇಲೆ ಬೆರಳಾಡಿಸುತ್ತ, ತಿಂಗಳುಗಟ್ಟಲೆ ಬಾಯಿಪಾಠವಾಗಿದ್ದುದನ್ನು ಗಟ್ಟಿ ದನಿಯಲ್ಲಿ ಒಪ್ಪಿಸಿದ. “ನೋಡ್ರಿ ಅಮ್ಮ. ನರಸಿಂಹಯ್ಯ ರೇಷ್ಮೆ ಮೊಟ್ಟೆ ಕೇಂದ್ರ, ಮಡಕಶಿರ. ಒಳಗ, ಗಂಟುರೋಗ ಪರೀಕ್ಷಿತ. ಎಷ್ಟು ಸ್ಪಷ್ಟ ಐತಿ!”

ಜಗಲಿಯಲ್ಲಿ ಕೂತಿದ್ದವರೆಲ್ಲ ಹಾಳೆಯ ಕಡೆ ಕತ್ತು ಚಾಚಿದರು.

“ಅಣ್ಣಯ್ಯ,” ಎಂದಳು ಈಶ್ವರಮ್ಮ ಮೆಲ್ಲಗೆ, “ನಿನ್ ಕೈಯಾಗಿರೋದು ನಂದು.”

ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ಕದರಪ್ಪ ಕಳ್ಳಮುದ್ರೆಯ ಹಾಳೆಯನ್ನು ಕೆಳಗಿಟ್ಟ. ಮೊರದಲ್ಲಿದ್ದ ಹುಳುಗಳ ಕಡೆ ನೋಡಲು ಅವನಿಂದಾಗಲಿಲ್ಲ. ನರಸಿಂಹಯ್ಯನವರು ಒಳಗೆ ಹೋಗಿ ಒಳ್ಳೆಯ ಹಾಳೆಗಳನ್ನು ತಂದು ಈಶ್ವರಮ್ಮನ ಮಡಿಲಿಗೆ ಹಾಕಿದರು. ಅವನಿಗೆ ಮಾತ್ರ, “ದಿಂಬು ಅಲ್ಲೇ ಇಟ್ಟು ಹೋಗಪ್ಪ,” ಎಂದರು.

ಕದರಪ್ಪ ಬಸ್ಸು ಹತ್ತಿ ರಾಯದುರ್ಗಕ್ಕೆ ಮರಳಿದ. ಮನೆಗೆ ಬಂದು ಕೈಕಾಲು ತೊಳೆದವನೇ ಹಂಪಕ್ಕನಿಗೆ, “ನೀ ಅಂದಿದ್ದು ಖರೆ. ಕಾಲು ಚಾಚಾಕ ಜಾಗ ಇರಲಿಲ್ಲ,” ಎಂದ. ಅವಳು ಊಟಕ್ಕೆ ಬಡಿಸಿದಳು.

ಮುದ್ರೆಯನ್ನು ಹೊಸದಾಗಿ ಕೊರೆಯಲು ಕೂತ ಕದರಪ್ಪ ಈ ಸಲ ಸ್ಲೇಟು ಮುಟ್ಟಲಿಲ್ಲ. ಪಾವಲಿಯಗಲದಲ್ಲೇ ಬರೆದು ನೋಡಿದ. ತೆಲುಗಿನ ಸಾಲು ಹೋಯಿತು, ಚಿಟ್ಟೆ ಹೋಯಿತು, ಅದರ ಸುತ್ತಲ ಬರಹ ಹೋಯಿತು, ಒಳಗಿನ ಗೆರೆ ಹೋಯಿತು. ಮೇಲಿನ ಕಮಾನಿಗೆ ‘ಮಡಕಶಿರ’, ಕೆಳಗಿನದಕ್ಕೆ ‘ನರಸಿಂಹ’. ಎರಡರಲ್ಲೂ ಒತ್ತು ಒಂದೂ ಇಲ್ಲ. ಅಕ್ಷರ ಅಕ್ಷರದ ನಡುವೆ ಬಯಲು ಬಿಟ್ಟ. ಕಾಲುಗಳು ಒಳಗೆ ಕೂಡುವುದರಿಂದ ಮೇಲಿನದಕ್ಕೆ ಇನ್ನಷ್ಟು ಬಿಟ್ಟ. ಒಂದು ಹೆಸರು ಮುಗಿದು ಇನ್ನೊಂದು ಮೊದಲಾಗುವ ಎರಡು ಬದಿಗೂ ಒಂದೊಂದು ಚುಕ್ಕೆ. ಹೊರಗಿನ ಗೆರೆಯನ್ನು ಅಕ್ಷರಗಳಿಂದ ದೂರ ಸರಿಸಿ ತೆಳುವಾಗಿಸಿದ. ನಡುವನ್ನು ಖಾಲಿ ಬಿಟ್ಟ; ಮೊಟ್ಟೆಗಳು ಯಾವ ತಂಡದವೆಂಬ ಅಂಕಿಯನ್ನು ಅಲ್ಲಿ ಕೈಯಿಂದ ಬರೆದುಕೊಳ್ಳಬಹುದು.

ಅದನ್ನು ಹಿಡಿದು ಮತ್ತೆ ಮಡಕಶಿರಕ್ಕೆ ಹೋದಾಗ ನರಸಿಂಹಯ್ಯನವರು ಗೊಣಗಿದರು. “ನನ್ನ ಅಯ್ಯನನ್ನೇ ಕಿತ್ತುಬಿಟ್ಯಲ್ಲೋ!” ಆದರೆ ತಮ್ಮ ಒರಟು ಹಾಳೆಯ ಮೇಲೆ, ಮಸಿ ತೊಯ್ದ ದಿಂಬಿನಿಂದ, ಅವಸರದ ಕೈಯಲ್ಲಿ ಒತ್ತಿದಾಗಲೂ ಅಕ್ಷರ ಬಿಡಿಬಿಡಿಯಾಗಿ ಬಿದ್ದದ್ದು ನೋಡಿ ಒಪ್ಪಿದರು.

ಕದರಪ್ಪ ಆ ಹಾಳೆಯನ್ನು ತೆಗೆದುಕೊಂಡು ಅಗಳಿ ಕಡೆಗೆ ನಡೆದ. ಈಶ್ವರಮ್ಮ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೀಳುತ್ತಿದ್ದಳು. ಏನು ಬರೆದಿದೆಯೆಂದು ಹೇಳದೆ ಹಾಳೆಯನ್ನು ಕೊಟ್ಟ. ಅವಳು ಸೆರಗಿಗೆ ಕೈ ಒರಸಿಕೊಂಡು, ತೋಳುದ್ದ ದೂರ ಹಿಡಿದು, ಅಕ್ಷರ ಕೂಡಿಸಿ ಓದಿದಳು. “ಮ... ಡ... ಮಡಕಶಿರ. ನರಸಿಂಹ.” ಆಮೇಲೆ ಅವನ ಮುಖ ನೋಡಿ, “ನಾನು ನೋಡ್ಕಂಡೇ ಓದ್ದೆ ಕಣಣ್ಣಯ್ಯ,” ಎಂದು ಹಾಳೆಯನ್ನು ಮರಳಿಸಿದಳು. ಕ್ಷಮಿಸೆಂದು ಕೇಳಲು ಬಂದವನು, “ಬರ್ತೀನ್ರಿ ಅಮ್ಮ,” ಎಂದಷ್ಟೇ ಹೇಳಿ ಹಿಂದಿರುಗಿದ.

ಕದರಪ್ಪನಿಗೆ ಈಗ ತಲೆ ನರೆತಿದೆ. ಭೂತಗನ್ನಡಿ ಕೊರೆಯುವುದಕ್ಕೆ ಮಾತ್ರ, ಮುದ್ರೆ ನೋಡುವುದಕ್ಕಲ್ಲ. ಕಡಲೆಕಾಯಿ ಬೀಜದ ಮಾತು ಯಾರಾದರೂ ತೆಗೆದರೆ ಎದ್ದು ಒಳಗೆ ಹೋಗುತ್ತಾನೆ. ಹೊಸ ಮುದ್ರೆ ಬೆಂದು ಬಂದಾಗ ಒರಟು ಕಾಗದದ ಮೇಲೆ ಒತ್ತಿ ಬೀದಿಗಿಳಿಯುತ್ತಾನೆ. ಬಳೆಗಾರನೋ, ಸಂತೆಗೆ ಬಂದವರೋ, ಒಳಗೆ ಏನು ಬರೆದಿದೆಯೆಂದು ತಿಳಿಯದ ಯಾರಾದರೂ ಸರಿ, ನಿಲ್ಲಿಸಿ, “ಇದನ್ನೊಂದೀಟು ಓದ್ರಿ,” ಎನ್ನುತ್ತಾನೆ. ಅವರು ಓದುವವರೆಗೂ ಅವನ ಕಣ್ಣು ನೆಲದ ಮೇಲೇ ಇರುತ್ತದೆ.