ಮೈದಾನಕ್ಕೆ ಬಿದ್ದ ಕೆರೆಗೋಡು

ಮೇ ತಿಂಗಳ ಒಂದು ಬೆಳಿಗ್ಗೆ, ಕೆರೆಯ ಹೂಳು, ಅದೇ ಕೆರೆಗೋಡು, ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ಬಂದು ಫುಟ್‌ಬಾಲ್ ಮೈದಾನದ ಗೇಟಿನಲ್ಲಿ ನಿಂತದ್ದನ್ನು ನೋಡಿ ಗುಲ್ಜಾರ್ ಬೀಗೆ ಮೈಯೆಲ್ಲ ಉರಿದುಹೋಯಿತು.

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಮೈದಾನ ಅದು. ಗುಲ್ಜಾರ್ ಬೀ ಅದರ ಮೇಸ್ತ್ರಿ. ರಾಮನಗರದಲ್ಲಿ ಇಪ್ಪತ್ತು ವರ್ಷ ಬಿಸಿನೀರಿನಲ್ಲಿ ಕೈಯಿಟ್ಟು ರೇಷ್ಮೆ ನೂಲು ತೆಗೆದವಳು, 2004ರಲ್ಲಿ ಈ ಮೈದಾನ ಕಟ್ಟುವಾಗ ಕಳೆ ಕೀಳುವ ಕೂಲಿಗೆ ಬಂದಳು. ಹೊರದೇಶದಿಂದ ಬಂದಿದ್ದ ತಜ್ಞನ ಹಿಂದೆ ಹಿಂದೆಯೇ ಸುತ್ತಿದಳು. ಅವನು ಹೇಳಿದ್ದು ಅರ್ಧ ತಿಳಿಯಿತು, ತಿಳಿಯದ್ದನ್ನು ಮಣ್ಣು ಮುಟ್ಟಿ ತಿಳಿದುಕೊಂಡಳು. ಮೂರು ವರ್ಷದಲ್ಲಿ ಆ ನೆಲದ ಒಳಹೊರಗು ಅವಳಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಆದರೆ ಕೆಲಸ ಮಾತ್ರ ಕಂಟ್ರಾಕ್ಟು. ಮೈದಾನದಲ್ಲಿ ನೀರು ನಿಂತರೆ ಮೊದಲು ಮನೆಗೆ ಹೋಗುವವಳು ತಾನೇ ಎಂಬುದೂ ಅವಳಿಗೆ ಗೊತ್ತಿತ್ತು.

ಗೋಡು ತರಿಸಿದವರು ಅಡ್ಮಿನ್ ಆಫೀಸರ್ ಮನೋಹರ್. ಮಾಗಡಿ ಕಡೆಯ ಕಲ್ಯದವರು, ಒಕ್ಕಲು ಮನೆತನ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳೆತ್ತಿ ಹೊಲಕ್ಕೆ ಹೊಡೆಸುವುದನ್ನು ಹುಟ್ಟಿದಾಗಿನಿಂದ ಕಂಡವರು.

"ನಮ್ಮಪ್ಪ ರಾಗಿ ಹೊಲಕ್ಕೆ ಇದನ್ನೇ ಹೊಡ್ಸೋರು, ಗುಲ್ಜಾರಮ್ಮ. ಎರಡಿಂಚು ಹರಡ್ಸು, ಹುಲ್ಲು ಹೆಂಗ್ ಕಪ್ಪಗೆ ಬತ್ತದೆ ನೋಡು. ಅಕ್ಟೋಬರ್‌ನಲ್ಲಿ ಕಾರ್ಖಾನೆಗಳ ಟೂರ್ನಮೆಂಟ್ ಫೈನಲ್ ಇಲ್ಲೇ ಐತೆ."

"ಇದು ರಾಗಿ ಹೊಲ ಅಲ್ಲ ಸಾರ್!" ಗುಲ್ಜಾರ್ ಬೀ ಗೇಟಿಗೆ ಅಡ್ಡ ನಿಂತಳು. "ತಳದಲ್ಲಿ ಮೀನಿನ ಮೂಳೆ ಥರ ತೂತಿನ ಪೈಪು ಜೋಡ್ಸವ್ರೆ. ಅದರ್ ಮೇಲೆ ಜಲ್ಲಿ, ಜಲ್ಲಿ ಮೇಲೆ ಒಂದಡಿ ಮರಳು. ಮಳೆ ಬಿದ್ದಂಗೆ ನೀರು ಕೆಳಕ್ಕಿಳೀಬೇಕು. ಇದರ್ ಮೇಲೆ ಗೋಡು ಹಾಕಿದ್ರೆ ಜರಡಿ ಮೇಲೆ ಸಗಣಿ ಸಾರಿಸ್ದಂಗೆ."

"ಹುಲ್ಲಿಗೆ ಮಣ್ಣು ಬ್ಯಾಡ ಅನ್ನೋರ್ನ ಇವತ್ತೇ ನೋಡಿದ್ದು ಕಣಮ್ಮ," ಎಂದು ಮನೋಹರ್ ನಕ್ಕರು. ಟ್ರ್ಯಾಕ್ಟರಿನವರೂ ನಕ್ಕರು. ನಗಲಿ ಬಿಡಿ, ಊರವರೆಲ್ಲ ಚಿನ್ನ ಅನ್ನುವ ಮಣ್ಣನ್ನು ಒಬ್ಬ ಹೆಂಗಸು ಬೇಡ ಅಂದರೆ ಯಾರು ತಾನೇ ನಂಬಿಯಾರು?

ಎರಡು ಗೋಲುಗಳ ಮುಂದಿನ ಜಾಗವನ್ನಾದರೂ ಉಳಿಸಿಕೊಳ್ಳುತ್ತೇನೆಂದು ಅವಳು ಅಲ್ಲೇ ಕುಳಿತುಬಿಟ್ಟಳು. ಆಟಗಾರರು ತುಳಿದು ತುಳಿದು ಹುಲ್ಲು ಸಾಯುವ ಜಾಗ ಅದು. ಅಲ್ಲಿ ತಜ್ಞ ಮರಳಿಗೆ ತಲೆಗೂದಲಿನಂಥ ಪ್ಲಾಸ್ಟಿಕ್ ಎಳೆಗಳನ್ನು ಬೆರೆಸಿದ್ದ. ಹುಲ್ಲಿನ ಬೇರು ಆ ಎಳೆಗಳಿಗೆ ಹೆಣೆದುಕೊಂಡು ನೆಲ ಕಿತ್ತು ಬರುವುದಿಲ್ಲ. ಹೊರದೇಶದಲ್ಲಿ ಇಡೀ ಮೈದಾನಕ್ಕೇ ಮೆಷಿನ್ನಿನಿಂದ ಉದ್ದನೆಯ ಎಳೆ ಹೊಲಿಯುತ್ತಾರಂತೆ, ಹುಲ್ಲೂ ಪ್ಲಾಸ್ಟಿಕ್ಕೂ ಒಟ್ಟಿಗೆ ನಿಲ್ಲುತ್ತದಂತೆ.

"ಇಲ್ಲಿ ಹಾಕೋದಾದ್ರೆ ನನ್ ತಲೆ ಮೇಲೇ ಸುರೀರಿ," ಅಂದಳು.

"ಈ ಯಮ್ಮನ್ ಹಠ ಮುರಿಯಕ್ಕಾಯ್ತದಾ? ಅದೊಂದ್ ಬುಟ್ಬುಡಿ," ಎಂದರು ಮನೋಹರ್. ಮಿಕ್ಕ ಮೈದಾನವೆಲ್ಲ ಕಪ್ಪಾಯಿತು.

ಜೂನಿನಲ್ಲಿ ಹುಲ್ಲು ಎದ್ದಿತು ನೋಡಿ, ಕಣ್ಣು ಕುಕ್ಕುವ ಹಸಿರು! ಅದು ಬರ್ಮುಡಾ, ನಮ್ಮ ಗರಿಕೆಯ ಜಾತಿಯದೇ. ಬಿಸಿಲಿಗೆ ಹೆದರುವುದಿಲ್ಲ, ಗೋಡಿನ ಸಾರ ಸಿಕ್ಕಿದರೆ ಕೇಳಬೇಕೆ? ಕ್ಯಾಂಟೀನಿನಲ್ಲೆಲ್ಲ ಮನೋಹರ್ ಸಾಹೇಬರ ಗುಣಗಾನ. ಆ ವರ್ಷ ಮುಂಗಾರು ಬರೀ ತುಂತುರು; ಗುಲ್ಜಾರ್ ಬೀ ಮಾತ್ರ ದಿನಾ ಮೋಡ ನೋಡುತ್ತಿದ್ದಳು.

ಮನೋಹರ್ ಇನ್ನೊಂದು ವರಾತ ತೆಗೆದರು. ಟೀವಿಯ ಮೈದಾನದಲ್ಲಿ ತಿಳಿಹಸಿರು, ಕಡುಹಸಿರು ಪಟ್ಟೆ ಇರುತ್ತದಲ್ಲ, ಆ ಎರಡು ಬಣ್ಣದ ಬೀಜ ಎಲ್ಲಿ ಸಿಗುತ್ತದೆ?

"ಬೀಜಾನೂ ಇಲ್ಲ, ಬಣ್ಣಾನೂ ಇಲ್ಲ ಸಾರ್," ಎಂದಳು ಗುಲ್ಜಾರ್ ಬೀ. ಹುಲ್ಲು ಕತ್ತರಿಸುವ ಮೆಷಿನ್ ಓಡಿಸುವ ದೊಡ್ಡಆಲಹಳ್ಳಿಯ ರಾಮಲಿಂಗಯ್ಯನನ್ನು ಕರೆದಳು. ಅವನು ಉರುಳೆ ಇರುವ ಆ ಮೆಷಿನ್ನನ್ನು ಒಂದು ಸಲ ಆ ತುದಿಗೆ ಓಡಿಸಿದ, ಪಕ್ಕದಲ್ಲೇ ಈ ತುದಿಗೆ ತಂದ. ಉರುಳೆ ಹುಲ್ಲನ್ನು ಅತ್ತ ಬಾಗಿಸಿದ ಪಟ್ಟೆ ತಿಳಿಯಾಗಿ ಕಂಡಿತು, ಇತ್ತ ಬಾಗಿಸಿದ್ದು ಕಪ್ಪಗೆ ಕಂಡಿತು. "ಆ ಕಡೆ ಹೋಗಿ ನೋಡಿ ಸಾರ್, ತಿರುವುಮುರುವು ಕಾಣ್ತದೆ. ಚಳಿ ದೇಶದ ಹುಲ್ಲಿನಷ್ಟು ಚೆಂದಾಗಿ ಇದರಲ್ಲಿ ಪಟ್ಟೆ ಏಳಾಕಿಲ್ಲ, ಅಷ್ಟೇ." ವಾರವಾರ ದಿಕ್ಕು ಬದಲಿಸಿ ಹೊಡೆಯಬೇಕು, ಇಲ್ಲದಿದ್ದರೆ ಹುಲ್ಲು ಒಂದೇ ಕಡೆ ಮಲಗಿ ಚೆಂಡು ವಾಲುತ್ತದೆ. ಒಂದು ಸಲಕ್ಕೆ ಎಲೆಯ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು. ಇಷ್ಟೆಲ್ಲ ಹೇಳಿಕೊಟ್ಟವಳಿಗೆ ಸಿಕ್ಕಿದ್ದು, "ಪರವಾಗಿಲ್ವೇ, ಕಲ್ತಿದ್ದೀಯ," ಎಂಬ ಮಾತು.

ಅಕ್ಟೋಬರಿನ ಫೈನಲ್ ದಿನ ಮಧ್ಯಾಹ್ನ ಒಂದು ಗಂಟೆ ಮಳೆ ಸುರಿಯಿತು. ಮೂರು ಗಂಟೆಗೆ ಬಿಸಿಲು ಬಿದ್ದರೂ ಮೈದಾನದ ತುಂಬ ಕೆಂಪುಗಪ್ಪು ನೀರು. ಎರಡು ಗೋಲುಗಳ ಮುಂದೆ ಮಾತ್ರ ನೆಲ ಆರಿಕೊಂಡಿತ್ತು. ರೆಫರಿ ನಡುವಿಗೆ ಹೋಗಿ ಚೆಂಡನ್ನು ಕೈಬಿಟ್ಟ. ಅದು ಪುಟಿಯದೆ ಪಚಕ್ಕನೆ ಕುಳಿತಿತು. ಆಟ ಇಲ್ಲ ಅಂದ. ಪೆಂಡಾಲಿನಲ್ಲಿದ್ದ ನಾಲ್ಕು ಕಾರ್ಖಾನೆಗಳ ದೊಡ್ಡವರು ಎದ್ದು ಹೋದರು.

ಅರ್ಧ ಗಂಟೆಯಲ್ಲಿ ಮನೋಹರ್ ಟೈಪು ಮಾಡಿಸಿದ ಕಾಗದ ಹಿಡಿದು ಬಂದರು. "ಮೇಸ್ತ್ರಿಯ ನಿರ್ಲಕ್ಷ್ಯದಿಂದ ಒಳಚರಂಡಿ ಕಟ್ಟಿಕೊಂಡು ಪಂದ್ಯ ರದ್ದಾಯಿತು" ಎಂದಿತ್ತು. ಸಹಿ ಹಾಕಬೇಕಂತೆ.

ಹಾಕಿದರೆ ನಾಳೆಯಿಂದ ಕೆಲಸವಿಲ್ಲ. ಬಿಡದಿಯ ಇನ್ಯಾವ ಕಾರ್ಖಾನೆಯೂ ಅವಳನ್ನು ಹುಲ್ಲಿನ ಹತ್ತಿರ ಬಿಡುವುದಿಲ್ಲ.

"ಯಾ ಅಲ್ಲಾ, ನನ್ ಕೈಲೇ ಸಹಿ ಹಾಕ್ಸ್ಕೊಂತೀರಾ ಇದಕ್ಕೆ?" ಗುಲ್ಜಾರ್ ಬೀಯ ದನಿ ಮೈದಾನಕ್ಕೆಲ್ಲ ಕೇಳಿಸಿತು. ಕಾಗದ ಹಿಡಿದುಕೊಂಡೇ ಪೆಂಡಾಲಿನಲ್ಲಿ ಇನ್ನೂ ಉಳಿದಿದ್ದ ತಮ್ಮ ಕಾರ್ಖಾನೆಯ ಪ್ಲಾಂಟ್ ಮ್ಯಾನೇಜರರ ಮುಂದೆ ನಿಂತಳು. "ಹತ್ತು ನಿಮಿಷ ಬನ್ನಿ ಸಾರ್. ಆಮೇಲೆ ಗಲ್ಲಿಗಾದ್ರೂ ಹಾಕಿ."

ಮೊದಲು ಅವರನ್ನು ಬೇಲಿಯಾಚೆಗೆ, ಒಳಪೈಪು ಬಂದು ಬೀಳುವ ಮೋರಿಗೆ ಕರೆದೊಯ್ದಳು. ಇಷ್ಟು ಮಳೆಗೆ ಭೋರ್ಗರೆಯಬೇಕಾದ ಪೈಪಿನ ಬಾಯಲ್ಲಿ ಬೆರಳು ದಪ್ಪ ನೀರು ಬರುತ್ತಿತ್ತು. "ಪೈಪೇ ಕಟ್ಕೊಂಡಿರಬೇಕು ಅಂತೀರಿ. ಇರಿ." ಮತ್ತೆ ಒಳಗೆ ಬಂದು, ನೀರು ನಿಂತ ಕಡೆ ಸಲಿಕೆ ಊರಿ ಒಂದು ಹೆಂಟೆ ಎತ್ತಿದಳು. ಮೇಲೆ ಎರಡಿಂಚು ಕರಿಗೋಡು ಬೆಣ್ಣೆಯಂತೆ ಮೆತ್ತಗಿತ್ತು. ಅದರಡಿಯ ಮರಳನ್ನು ಅವಳು ಮ್ಯಾನೇಜರರ ಅಂಗೈಗೆ ಉದುರಿಸಿದಳು. ಬರೀ ತೇವ, ಹಿಂಡಿದರೂ ನೀರಿಲ್ಲ. "ಪೈಪು ಕಟ್ಟಿದ್ರೆ ಈ ಮರಳಲ್ಲಿ ನೀರು ತುಂಬಿರ್ತಿತ್ತು ಸಾರ್, ನೀರು ಇಲ್ಲೀವರೆಗೂ ಇಳಿದೇ ಇಲ್ಲ."

"ರಾಮಲಿಂಗಣ್ಣಾ, ಚುಚ್ಚೋ!"

ರಾಮಲಿಂಗಯ್ಯ ಉದ್ದ ಹಲ್ಲಿನ ಫೋರ್ಕನ್ನು ಮರಳು ಮುಟ್ಟುವವರೆಗೆ ತುಳಿದು ಎಳೆದ, ತುಳಿದು ಎಳೆದ. ತೂತುಗಳಲ್ಲಿ ಗುಳುಗುಳು ಗುಳ್ಳೆ ಎದ್ದು, ಅವನು ಚುಚ್ಚಿದಷ್ಟು ಜಾಗದ ನೀರು ಎಲ್ಲರ ಕಣ್ಣೆದುರೇ ಇಳಿದುಹೋಯಿತು.

"ಈ ಮಣ್ಣು ಹಾಕಿಸಿದ್ದು ಯಾರು?" ಎಂದರು ಮ್ಯಾನೇಜರ್. ಎಲ್ಲರ ಕಣ್ಣೂ ಮನೋಹರ್ ಕಡೆ ಹೊರಳಿತು. ಮ್ಯಾನೇಜರೂ ಅವರ ಮುಖ ನೋಡಿ, "ಕಾಗದ ಬದಲಾಯಿಸಿ," ಎಂದಷ್ಟೇ ಹೇಳಿ ಹೊರಟುಹೋದರು.

ಸೋಮವಾರ ಮನೋಹರ್ ಹೊಸ ಕಾಗದವನ್ನು ಮೇಜಿನ ಮೇಲಿಟ್ಟರು. ದನಿ ಮೆತ್ತಗಾಗಿತ್ತು. "ಅತಿಯಾದ ಮಳೆ ಅಂತ ಬರ್ಸಿದ್ದೀನಿ ಗುಲ್ಜಾರಮ್ಮ. ನಿನ್ ತಪ್ಪೂ ಇಲ್ಲ, ನನ್ ತಪ್ಪೂ ಇಲ್ಲ. ಕೆಲಸಾನೂ ಉಳೀತು. ಹಾಕ್ಬುಡು ಸಹಿ."

ಗುಲ್ಜಾರ್ ಬೀ ಓದಿದಳು. ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ಸಾಕಾಗಿತ್ತು.

"ಮಳೆ ಯಾರ್ಗೂ ಮೋಸ ಮಾಡಿಲ್ಲ ಸಾರ್. ಹೋದ್ ವರ್ಷ ಇದಕ್ಕಿಂತ ಜಾಸ್ತಿ ಬಂದಿತ್ತು, ಅವತ್ತು ಆಟ ಆಡಿದ್ರು. ಎದುರು ಮಾತಾಡಾಕಿಲ್ಲ ಅಂತ ಅದರ್ ಮೇಲೆ ಹಾಕ್ತೀರಾ?"

ಟೈಪಾದ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು: "ಮರಳಿನ ಮೈದಾನಕ್ಕೆ ಎರಡಿಂಚು ಕೆರೆಗೋಡು ಹಾಕಿದ್ದರಿಂದ ನೀರು ನಿಂತಿತು. ಮೇ ತಿಂಗಳಲ್ಲೇ ನಾನು ಬೇಡ ಅಂದಿದ್ದೆ." ಹೆಸರು ಬರೆದು, ಅದರಡಿ ಇನ್ನೊಂದು ಗೆರೆ ಎಳೆದು ಜಾಗ ಬಿಟ್ಟಳು.

ಪೆನ್ನನ್ನು ಮೇಜಿನ ಆ ಕಡೆಗೆ ತಳ್ಳಿದಳು.

"ಇದು ಗೋಡು ಹಾಕ್ಸಿದೋರ್ ಜಾಗ ಸಾರ್. ಹಾಕಿ."